ವ್ಯತ್ಯಾಸ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ: ಈ ಸರಣಿ ಬಿಡಿಸೋದು ಹೇಗೆ?

ಚೈತ್ರಾ (ಪ್ರಶ್ನೆ): ಮಾಕ್ ಟೆಸ್ಟ್‌ನಲ್ಲಿ ಬಂದದ್ದು: 7, 9, 14, 18, 28, 36, 51, 67, ? ಆಪ್ಷನ್‌ಗಳು 82, 87, 99, 102. ವ್ಯತ್ಯಾಸ ತೆಗೆದರೆ 2, 5, 4, 10, 8, 15, 16 ಬರುತ್ತೆ. ಅದರದ್ದೂ ವ್ಯತ್ಯಾಸ ತೆಗೆದೆ: 3, -1, 6, -2, 7, 1. ಇನ್ನೂ ಗೋಜಲಾಯ್ತು. ಉತ್ತರ 87 ಅಂತ ಕೊಟ್ಟಿದ್ದಾರೆ, ವಿವರಣೆ ಇಲ್ಲ. ಹೇಗೆ ಬಂತು?

ಮಹೇಶ: ಉತ್ತರವೇ ತಪ್ಪು ಕೊಟ್ಟಿದ್ದಾರೆ ಅನ್ಸುತ್ತೆ. ಒಂದು ಬಿಟ್ಟು ಒಂದು ಸಂಖ್ಯೆ ನೋಡಿ. 7, 14, 28 ದುಪ್ಪಟ್ಟಾಗ್ತಿದೆ. 9, 18, 36 ಅದೂ ದುಪ್ಪಟ್ಟು. ಅಂದ್ರೆ ಮುಂದೆ 56, 72 ಬರಬೇಕಿತ್ತು. 51, 67 ಅಂತ ಪ್ರಿಂಟ್ ಆಗಿದೆ, ಎರಡೂ ಸರಿಯಾಗಿ 5 ಕಡಿಮೆ. ಪ್ರಿಂಟ್ ಮಿಸ್ಟೇಕ್, ಬಿಟ್ಟಾಕಿ.

ವಸುಧಾ (ಆಪ್ಟಿಟ್ಯೂಡ್ ತರಬೇತಿ): ಚೈತ್ರಾ, ಎರಡನೇ ಸಲ ವ್ಯತ್ಯಾಸ ತೆಗೆಯೋಕೆ ಹೋದಲ್ಲೇ ದಾರಿ ತಪ್ಪಿದ್ದು. ಸರಣಿ ಏರ್ತಾನೇ ಇದೆ, ಆದರೆ ವ್ಯತ್ಯಾಸ ಮಾತ್ರ ಏರಿ ಇಳಿದು ಮಾಡ್ತಿದೆ ಅಂದ್ರೆ ಅಲ್ಲೇ ನಿಲ್ಲಿಸಿ. ರಫ್ ಶೀಟ್‌ನಲ್ಲಿ ವ್ಯತ್ಯಾಸಗಳನ್ನ ಒಂದೇ ಸಾಲಲ್ಲಿ ಬರೀದೆ, ಒಂದನ್ನ ಸರಣಿಯ ಮೇಲೆ, ಮುಂದಿನದನ್ನ ಕೆಳಗೆ, ಹೀಗೆ ಬರೀತಾ ಹೋಗಿ:

```
ಮೇಲೆ:   2     4     8     16
ಕೆಳಗೆ:     5     10    15    ?
```

ಮೇಲಿನ ಸಾಲು ದುಪ್ಪಟ್ಟಾಗ್ತಿದೆ, ಕೆಳಗಿನದು ಐದೈದು ಹೆಚ್ಚುತ್ತಿದೆ. ಕೊನೆಗೆ ಬರೆದದ್ದು ಮೇಲಿನ 16, ಹಾಗಾಗಿ ಈಗ ಕೆಳಗಿನ ಸಾಲಿನ ಸರದಿ. ಅಲ್ಲಿ 20 ಬರಬೇಕು. 67ಕ್ಕೆ 20 ಸೇರಿಸಿದರೆ 87.

ಯಾರ ಸರದಿ ಅನ್ನೋದನ್ನ ಮರೆತರೆ ನಿಯಮ ಗೊತ್ತಿದ್ದೂ ತಪ್ಪುತ್ತೆ. 16ನ್ನೇ ದುಪ್ಪಟ್ಟು ಮಾಡಿ 32 ಸೇರಿಸಿದವರಿಗೆ 99 ಸಿಗುತ್ತೆ, ಅದೂ ಆಪ್ಷನ್‌ನಲ್ಲಿದೆ ನೋಡಿ. ಪ್ರಶ್ನೆ ಮಾಡಿದವರು ಬೇಕಂತಲೇ ಇಟ್ಟದ್ದು. 102 ಅಂದ್ರೆ 51ರ ದುಪ್ಪಟ್ಟು. ಅದು ಮಹೇಶ್ ಥರ ಯೋಚಿಸಿದವರಿಗೆ ಇಟ್ಟ ಬಲೆ!

ಮಹೇಶ: ಮೇಡಂ, ನಾನು ಬಲೆಗೆ ಬಿದ್ದಿಲ್ಲ, ಪ್ರಿಂಟ್ ಮಿಸ್ಟೇಕ್ ಅಂದೆ ಅಷ್ಟೇ. ಆದರೆ 7, 14, 28 ಮತ್ತೆ 9, 18, 36, ಎರಡೂ ಅಷ್ಟು ಚೆನ್ನಾಗಿ ದುಪ್ಪಟ್ಟಾಗೋದು ಕಾಕತಾಳೀಯನಾ?

ವಸುಧಾ: ಇಲ್ಲ, ಕಾರಣ ಇದೆ. ಒಂದು ಬಿಟ್ಟು ಒಂದು ಸಂಖ್ಯೆಗೆ ಹಾರಿದಾಗ ನೀವು ದಾಟೋದು ಎರಡು ವ್ಯತ್ಯಾಸಗಳ ಮೊತ್ತ. 7ರಿಂದ 14ಕ್ಕೆ 2 ಮತ್ತು 5, 14ರಿಂದ 28ಕ್ಕೆ 4 ಮತ್ತು 10. ಮೇಲಿನ ಸಾಲು 2ರಿಂದ 4 ಆಯ್ತು, ಕೆಳಗಿನದು 5ರಿಂದ 10 ಆಯ್ತು. ಅಲ್ಲಿವರೆಗೆ ಎರಡೂ ದುಪ್ಪಟ್ಟೇ, ಹಾಗಾಗಿ ಮೊತ್ತವೂ ದುಪ್ಪಟ್ಟು. ಜೊತೆಗೆ ಮೊದಲ ಮೊತ್ತ 7, ಸರಣಿ ಶುರುವಾಗೋದೂ 7ರಿಂದಲೇ, ಅದಕ್ಕೇ ಸಂಖ್ಯೆಗಳೂ ದುಪ್ಪಟ್ಟಾಗಿ ಕಾಣುತ್ತೆ; 9ರ ಸಾಲಲ್ಲೂ 5 ಮತ್ತು 4 ಸೇರಿ 9, ಹಾಗೇ. ಬಣ್ಣ ಬಯಲಾಗೋದು ಮೂರನೆಯದ್ರಲ್ಲಿ: ಕೆಳಗೆ 20 ಬರದೆ 15 ಬಂತು. ಆ ಒಂದು ವ್ಯತ್ಯಾಸ 5 ಕಡಿಮೆಯಾದ್ದಕ್ಕೇ ಅದರ ಮುಂದಿನ 51, 67 ಎರಡೂ ನಿಮ್ಮ ಲೆಕ್ಕಕ್ಕಿಂತ 5 ಕಡಿಮೆ. ಅಂದ್ರೆ ನೀವು ಪ್ರಿಂಟ್ ಮಿಸ್ಟೇಕ್ ಅಂದದ್ದೇ ಈ ಪ್ರಶ್ನೆಯ ಕೀಲಿ.

ಇನ್ನೊಂದು ಮಾತು. ಪ್ರಿಂಟ್‌ನಲ್ಲಿ ಒಂದೇ ಸಂಖ್ಯೆ ತಪ್ಪಿದ್ರೆ ಅದರ ಹಿಂದಿನ ವ್ಯತ್ಯಾಸ ಎಷ್ಟು ಕುಗ್ಗುತ್ತೋ ಮುಂದಿನದು ಅಷ್ಟೇ ಹಿಗ್ಗುತ್ತೆ, ಅಥವಾ ಉಲ್ಟಾ. ಇಲ್ಲಿ 51ರ ಮುಂದಿನ 16 ತನ್ನ ಸಾಲಲ್ಲಿ ಅಚ್ಚುಕಟ್ಟಾಗಿ ಕೂತಿದೆ. ಹಾಗಾಗಿ 51 ಮೇಲೆ ಅನುಮಾನ ಪಡೋ ಹಾಗಿಲ್ಲ.

ಮಹೇಶ: ಒಪ್ಪಿದೆ. ಆದರೂ ನನಗೆ ಒಂದು ಬಿಟ್ಟು ಒಂದು ನೋಡೋದು ಇವತ್ತಿನವರೆಗೆ ಕೈಕೊಟ್ಟಿಲ್ಲ. 4, 7, 12, 15, 20, 23 ಬಂದಾಗ 4, 12, 20 ನೋಡಿ 28 ಅಂತ ಥಟ್ ಅಂತ ಹೇಳ್ದೆ.

ವಸುಧಾ: ಅಲ್ಲಿ ವ್ಯತ್ಯಾಸ 3, 5, 3, 5 ಅಂತ ಬದಲಾಗದೆ ಬರ್ತಿದೆ. ಆಗ ಎರಡು ದಾರಿಯೂ ಒಂದೇ ಕಡೆ ಸೇರುತ್ತೆ. ವ್ಯತ್ಯಾಸಗಳೇ ಬೆಳೀತಿದ್ದಾಗ, ಅದೂ ಒಂದೊಂದು ಸಾಲು ಒಂದೊಂದು ರೀತಿಯಲ್ಲಿ ಬೆಳೆದಾಗ, ನಿಮ್ಮ ದಾರಿಯಲ್ಲಿ ನಿಯಮ ಕಾಣಲ್ಲ. ನಾನು ಹೀಗೆ ಮಾಡ್ತೀನಿ: ಸಂಖ್ಯೆಗಳೇ ಏರಿ ಇಳಿದು ಮಾಡಿದ್ರೆ ಸಂಖ್ಯೆಗಳನ್ನ ಎರಡು ಸಾಲು ಮಾಡ್ತೀನಿ. ಸಂಖ್ಯೆ ಏರ್ತಾನೇ ಇದ್ದು ವ್ಯತ್ಯಾಸ ಕುಣೀತಿದ್ರೆ ಮೊದಲು ವ್ಯತ್ಯಾಸಗಳನ್ನ. ನೂರಕ್ಕೆ ನೂರು ನಡೆಯೋ ಸೂತ್ರ ಅಲ್ಲ ಇದು. ಒಟ್ಟಿಗೆ ಏರೋ ಎರಡು ಬೇರೆ ಬೇರೆ ಸರಣಿಗಳನ್ನ ಹೆಣೆದಿದ್ರೂ ಹೀಗೇ ಕಾಣಬಹುದು.

ಇಮ್ರಾನ್: ನನಗೂ ಇದೇ ಥರದ್ದು ಬಂದಿತ್ತು. 5, 10, 13, 26, 29, ? ವ್ಯತ್ಯಾಸ 5, 3, 13, 3. ಕೆಳಗೆ 3, 3 ಸರಿ, ಮೇಲೆ 5, 13. ಹಾಗಾದ್ರೆ ಎಂಟೆಂಟು ಹೆಚ್ಚಿ 21, ಉತ್ತರ 50 ತಾನೇ?

ವಸುಧಾ: ಇದು ಬೇರೆ ಜಾತಿ, ಇಮ್ರಾನ್. ಮೇಲಿನ 5 ಮತ್ತು 13 ಯಾವುವು ನೋಡಿ: ಸರಣಿಯ 5, ಸರಣಿಯ 13. ವ್ಯತ್ಯಾಸ ಅದರ ಹಿಂದಿನ ಸಂಖ್ಯೆಯೇ ಆಗಿದ್ರೆ ಅಲ್ಲಿ ಕೂಡಿಸಿದ್ದಲ್ಲ, ಎರಡರಿಂದ ಗುಣಿಸಿದ್ದು. ಒಮ್ಮೆ ಗುಣಿಸು 2, ಒಮ್ಮೆ ಕೂಡಿಸು 3. ಮುಂದಿನದು 58.

ಸುಮಾ: ಹಾಗಾದ್ರೆ ಇದಕ್ಕೇನು ಹೇಳ್ತೀರಿ? 3, 5, 8, 12, 18, ? ಆಪ್ಷನ್ 24, 26, 27, 30. ವ್ಯತ್ಯಾಸ 2, 3, 4, 6. ಮೇಲೆ 2, 4. ಕೆಳಗೆ 3, 6. ನಾನು 24 ಹಾಕಿದೆ, ಕೀ ಉತ್ತರ 26.

ವಸುಧಾ: ಮೇಲಿನ ಸಾಲಲ್ಲಿ 2, 4 ಆದಮೇಲೆ 6 ಬರಬಹುದು, 8 ಕೂಡ ಬರಬಹುದು. ನೀವು 6 ಅಂದ್ರಿ, ಅವರು 8 ಅಂದ್ರು. ಎರಡೇ ವ್ಯತ್ಯಾಸ ಕೊಟ್ಟು ನಿಯಮ ಕೇಳಿದ್ರೆ ಹೀಗೇ ಆಗೋದು. ಒಂದೊಂದು ಸಾಲಿಗೂ ಮೂರು ವ್ಯತ್ಯಾಸ ಬೇಕಾದ್ರೆ ಏಳು ಸಂಖ್ಯೆಗಳಾದ್ರೂ ಬೇಕು, ಇಲ್ಲಿ ಕೊಟ್ಟಿರೋದು ಐದು. ಚೈತ್ರಾ ಪ್ರಶ್ನೆಯಲ್ಲಿ ಎಂಟಿದ್ದವು, ಅದಕ್ಕೇ 15 ಬಂದು ನಮ್ಮನ್ನ ಕಾಪಾಡ್ತು.

ಮಹೇಶ: ಕೆಳಗೆ 3, 6 ದುಪ್ಪಟ್ಟಾಗಿದೆ ಅಂತ ಮೇಲೂ ದುಪ್ಪಟ್ಟು ತಗೊಂಡಿರಬೇಕು ಅವರು.

ವಸುಧಾ: ಇರಬಹುದು. ಆದರೆ 3, 6 ಆದಮೇಲೆ 9 ಬರಲ್ಲ ಅಂತ ಯಾರು ಹೇಳಿದ್ರು?

ಚೈತ್ರಾ: ನನಗೆ 30 ಕೂಡ ಸರಿ ಅನ್ನಿಸ್ತಿದೆಯಲ್ಲ ಮೇಡಂ. 2, 3, 4, 6 ಎಲ್ಲವೂ 12ನ್ನ ಭಾಗಿಸೋ ಸಂಖ್ಯೆಗಳು. ಸಾಲಾಗಿ ಬಂದ್ರೆ ಮುಂದಿನದು 12. 18ಕ್ಕೆ 12 ಸೇರಿಸಿದ್ರೆ 30.

ವಸುಧಾ: ಅಯ್ಯೋ, ಅದು ನನಗೆ ಹೊಳೆದಿರಲಿಲ್ಲ. ಅದೂ ಒಂದೇ ನಿಯಮದಲ್ಲಿ! ಸುಮಾ, ನಿಮ್ಮ 24 ತಪ್ಪು ಅಂತ ನಾನಂತೂ ಹೇಳಲ್ಲ. ಕೀಗೆ ಆಕ್ಷೇಪಣೆ ಸಲ್ಲಿಸೋ ಅವಕಾಶ ಇದ್ರೆ ಈ ಮೂರೂ ದಾರಿ ಬರೆದು ಕಳಿಸಿ.

ಸುಮಾ: ಅದು ಮಾಕ್ ಟೆಸ್ಟ್ ಮೇಡಂ, ಆಕ್ಷೇಪಣೆ ಎಲ್ಲಿಂದ ಬಂತು. 27 ಯಾಕೆ ಇಟ್ರು ಅಂತ ಯಾರಿಗಾದ್ರೂ ಹೊಳೆದ್ರೆ ಹೇಳಿ.

ಇಮ್ರಾನ್: 18ಕ್ಕೆ 9. ಕೆಳಗಿನ ಸಾಲಿನ 3, 6, 9. ಸರದಿ ತಪ್ಪಿದವರಿಗೆ!