ಪದಚರ್ಚೆ: ಪೂರ್ಣಾಂಕಗಳ ಮೇಲೆ C₂ ಗ್ರೂಪ್ ರಿಂಗ್, ಅದರಲ್ಲಿ ‘ಶೂನ್ಯ ಭಾಜಕ’ ಯಾವುದು, ‘ಯೂನಿಟ್’ ಯಾವುದು?

ಪ್ರಶ್ನೆ:
ಎಂಎಸ್ಸಿ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಗ್ರೂಪ್‌ನಲ್ಲಿ ಇರುವುದು ಎರಡೇ: 1 ಮತ್ತು g, g² = 1. a, b ಪೂರ್ಣಾಂಕಗಳಾದರೆ a + bg ರೂಪದವೆಲ್ಲ ನಮ್ಮ ರಿಂಗ್‌ನಲ್ಲಿವೆ. ಇಲ್ಲಿ (1 + g)(1 − g) = 0. ಎರಡೂ ಸೊನ್ನೆಯಲ್ಲ, ಗುಣಲಬ್ಧ ಮಾತ್ರ ಸೊನ್ನೆ. ಇವಕ್ಕೆ ‘ಶೂನ್ಯ ಭಾಜಕ’ ಎಂದು ಬರೆದೆ. ವಿಲೋಮ ಇರುವವಕ್ಕೆ ‘ಏಕಮಾನ’ ಅನ್ನಬಹುದಾ? ಶೂನ್ಯ ಭಾಜಕವಲ್ಲದ್ದು, ಸೊನ್ನೆಯೂ ಅಲ್ಲದ್ದು ಎಲ್ಲ ಯೂನಿಟ್ಟೇ ಎಂದುಬಿಟ್ಟರೆ ತಪ್ಪಾ?

ನಿವೃತ್ತ ಹೈಸ್ಕೂಲ್ ಮೇಷ್ಟ್ರು:
ಸೊನ್ನೆಯಿಂದ ಭಾಗಿಸಬಾರದು ಅಂತ ಎಂಟನೇ ಕ್ಲಾಸಿನಲ್ಲೇ ಹೇಳಿಕೊಡುತ್ತೇವಲ್ಲ. ಅದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?

ಪ್ರಶ್ನೆ ಕೇಳಿದವರು:
ಅದಲ್ಲ ಸರ್. ಸೊನ್ನೆಯಿಂದ ಭಾಗಿಸುತ್ತಿಲ್ಲ, ಸೊನ್ನೆಯನ್ನೇ ಭಾಗಿಸುವ ಸಂಗತಿ ಇದು. ನಿಮಗೇ ಹೀಗೆ ಕೇಳಿಸಿತು ಅಂದರೆ ಮಕ್ಕಳಿಗೂ ಹಾಗೇ ಕೇಳಿಸುತ್ತೆ.

ಇಂಜಿನಿಯರಿಂಗ್ ಓದಿದವರು:
ಧಾರಾಳವಾಗಿ ಬರೆಯಿರಿ. a + bg ಯನ್ನು a − bg ಯಿಂದ ಗುಣಿಸಿದರೆ a² − b². ವಿಲೋಮ ಬೇಕಾದರೆ a − bg ಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಅದು ಸೊನ್ನೆಯಾಗುವುದು a = b ಅಥವಾ a = −b ಆದಾಗ ಮಾತ್ರ.

ಬೀಜಗಣಿತ ಕಲಿಸುವವರು:
ಭಿನ್ನರಾಶಿಗಳಿಗೆ ಜಾಗವಿದ್ದರೆ ನೀವು ಹೇಳಿದ್ದು ಪೂರ್ತಿ ಸರಿ. ಇಲ್ಲಿ ಜಾಗ ಇಲ್ಲ. 2 + g ತೆಗೆದುಕೊಳ್ಳಿ. (2 + g)(2 − g) = 3. ವಿಲೋಮ ಬೇಕೆಂದರೆ 2 − g ಯನ್ನು 3ರಿಂದ ಭಾಗಿಸಬೇಕು, ಅದು ಪೂರ್ಣಾಂಕಗಳಲ್ಲಿ ಆಗದು. ಹಾಗಾಗಿ 2 + g ಯೂನಿಟ್ ಅಲ್ಲ, ಶೂನ್ಯ ಭಾಜಕವೂ ಅಲ್ಲ. ಇಂಥವೇ ಇಲ್ಲಿ ಜಾಸ್ತಿ.

ಯೂನಿಟ್ ಯಾವುವು ಅಂತ ನೋಡಲು g ಬದಲು ಒಮ್ಮೆ 1, ಒಮ್ಮೆ −1 ಹಾಕಿ. a + b, a − b ಎಂಬ ಎರಡು ಸಂಖ್ಯೆ ಸಿಗುತ್ತವೆ. ಗುಣಾಕಾರ ಮಾಡುವಾಗ ಅವು ಒಂದರ ತಂಟೆಗೆ ಒಂದು ಹೋಗುವುದಿಲ್ಲ. ಯೂನಿಟ್ ಆಗಬೇಕಾದರೆ ಎರಡೂ 1 ಅಥವಾ −1 ಆಗಿರಲೇಬೇಕು. ಲೆಕ್ಕ ಹಾಕಿದರೆ 1, −1, g, −g ಇಷ್ಟೇ. ಶೂನ್ಯ ಭಾಜಕವಾದರೆ ಎರಡರಲ್ಲಿ ಒಂದು ಮಾತ್ರ ಸೊನ್ನೆ: 1 + g ಯ ಜೋಡಿ (2, 0). (1, 0) ಎಂಬ ಜೋಡಿ ಮಾತ್ರ ಬರುವುದೇ ಇಲ್ಲ, ಯಾಕೆಂದರೆ a + b, a − b ಎರಡೂ ಸಮ ಇಲ್ಲವೇ ಎರಡೂ ಬೆಸ.

ಪ್ರೋಗ್ರಾಮರ್ ಒಬ್ಬರು:
ನನ್ನ ಕೆಲಸದಲ್ಲಿ 12ರ ಶೇಷದ ಲೆಕ್ಕ ಬರುತ್ತೆ. 3 × 4 ಅಲ್ಲಿ ಸೊನ್ನೆ, 5 × 5 ಒಂದು. ಅಲ್ಲಿ ನಡುವಿನ ಜಾತಿ ಕಂಡಿಲ್ಲವಲ್ಲ?

ಬೀಜಗಣಿತ ಕಲಿಸುವವರು:
ಕಾಣುವುದೂ ಇಲ್ಲ. ಅದು ಹನ್ನೆರಡೇ ಅಂಶಗಳ ರಿಂಗ್. ಅಂಶಗಳು ಮುಗಿಯುವಂಥ ಇಂಥ ರಿಂಗ್‌ನಲ್ಲಿ ಸೊನ್ನೆ ಬಿಟ್ಟರೆ ಉಳಿದದ್ದು ಈ ಕಡೆ ಇಲ್ಲವೇ ಆ ಕಡೆ. ಇನ್ನೊಂದು ಮಾತು: ‘ಯೂನಿಟ್ ಅಂದರೆ ಗ್ರೂಪ್‌ನ ಅಂಶ, ಜೊತೆಗೆ ಒಂದು ಚಿಹ್ನೆ’ ಅಂತ ಬರೆದುಬಿಡಬೇಡಿ. g⁵ = 1 ಆದರೆ (g + g⁴ − 1)(g² + g³ − 1) = 1. ಬಿಡಿಸಿ ನೋಡಿ.

ಪ್ರಶ್ನೆ ಕೇಳಿದವರು:
ಬಿಡಿಸಿದೆ, ನಿಜ. ‘ಏಕಮಾನ’ ಕೈಬಿಟ್ಟೆ, ಮೀಟರ್ ಕಿಲೋ ನೆನಪಾಗುತ್ತೆ. ಸದ್ಯಕ್ಕೆ ‘ವಿಲೋಮವುಳ್ಳದ್ದು’ ಅಂತ ಹಾಕಿದ್ದೇನೆ. ಉದ್ದ ಅನ್ನಿಸುತ್ತಿದೆ, ಗಿಡ್ಡ ಪದ ಯಾರ ಬಳಿಯಾದರೂ ಇದೆಯಾ?