ಪದಚರ್ಚೆ: ಸೀರೆಯ ಬಣ್ಣ ಬದಲಿಸುವ ಕೆಲಸದಲ್ಲಿ ‘ಛಾಯೆ’ ಅಂದರೆ ಯಾವುದು?

ಮಾಲತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಸೀರೆ ಅಂಗಡಿಗಳಿಗೆ ಫೋಟೊ ಮಾಡಿಕೊಡುವ ಚಿಕ್ಕ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಒಂದೇ ಡಿಸೈನಿನ ಸೀರೆ ಐದಾರು ಬಣ್ಣಗಳಲ್ಲಿ ಬರುತ್ತದೆ. ಉಡಿಸಿ ಫೋಟೊ ತೆಗೆಯುವುದು ಒಂದನ್ನೇ. ಉಳಿದ ಸೀರೆಗಳನ್ನು ಮೇಜಿನ ಮೇಲೆ ಎದುರಿಗಿಟ್ಟುಕೊಂಡು, ಅವುಗಳ ಬಣ್ಣಕ್ಕೆ ಸರಿಯಾಗಿ ಆ ಫೋಟೊವನ್ನೇ ಫೋಟೊಶಾಪ್‌ನಲ್ಲಿ ಬದಲಿಸುತ್ತೇವೆ.

ಹೊಸದಾಗಿ ಸೇರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬೇಕಾಗಿದೆ. ಈಗಿರುವ ಹಳೆಯ ಹಾಳೆಯಲ್ಲಿ Hue ಎಂಬುದಕ್ಕೆ ‘ಛಾಯೆ’, Saturation ಎಂಬುದಕ್ಕೆ ‘ಸಾಂದ್ರತೆ’ ಎಂದಿದೆ. ಅದರಲ್ಲಿ ಒಂದು ವಾಕ್ಯ ಹೀಗಿದೆ: “ಸೀರೆಯ ಛಾಯೆ ಬದಲಿಸಿ, ನೆರಿಗೆಯ ಛಾಯೆ ಕೆಡದಂತೆ ನೋಡಿಕೊಳ್ಳಿ.” ಮೊದಲನೆಯದು ಬಣ್ಣ, ಎರಡನೆಯದು ನೆರಳು. ಹೊಸ ಹುಡುಗಿಯೊಬ್ಬಳು ಎರಡನ್ನೂ ನೆರಳು ಅಂದುಕೊಂಡು Lightness ಎಳೆದಳು. ನೆರಿಗೆಯ ಸಂದುಗಳು ಬೂದಿ ಬಳಿದ ಹಾಗೆ ಆದವು. ಅವಳ ತಪ್ಪೇನೂ ಇಲ್ಲ, ಹಾಳೆಯಲ್ಲಿ ಇದ್ದದ್ದೇ ಹಾಗೆ.

Hue, Saturation ಈ ಎರಡಕ್ಕೆ ಕೆಲಸಕ್ಕೆ ಬರುವ ಪದ ಯಾವುದು?

ವೆಂಕಟೇಶಮೂರ್ತಿ

ಮಾಲತಿಯವರೇ, ಇದಕ್ಕೆ ಅಷ್ಟು ಹುಡುಕಬೇಕಾಗಿಲ್ಲ. ಕನ್ನಡದಲ್ಲಿ ಕಡು, ತಿಳಿ, ನಸು ಎಂಬ ಮಾತುಗಳು ಇದ್ದೇ ಇವೆ. ಕಡುಗೆಂಪು, ತಿಳಿಹಸಿರು, ನಸುಗೆಂಪು. Saturation ಜಾಸ್ತಿ ಮಾಡಿದರೆ ಕಡು, ಕಡಿಮೆ ಮಾಡಿದರೆ ತಿಳಿ. ಮೇಷ್ಟರಾಗಿದ್ದಾಗ ಮಕ್ಕಳಿಗೆ ಹೀಗೇ ಹೇಳಿಕೊಟ್ಟಿದ್ದೇನೆ. Hue ಎಂಬುದಕ್ಕೆ ‘ವರ್ಣ’ ಎನ್ನಿ, ನೆರಳಿನ ಗೊಂದಲ ತಪ್ಪುತ್ತದೆ.

ನಾಗರಾಜ, ಬೆಂಗಳೂರು

ಮೇಷ್ಟ್ರೇ, ವರ್ಣದ ಮಾತು ಒಪ್ಪಿದೆ. ಕಡು-ತಿಳಿಯಲ್ಲಿ ಮಾತ್ರ ಒಂದು ತೊಡಕಿದೆ. ಕಡುಗೆಂಪು ಅಂದಾಗ ನಮ್ಮ ಮನಸ್ಸಿಗೆ ಬರುವುದು ಕಪ್ಪಿಗೆ ಹತ್ತಿರದ ಕೆಂಪು. ತಿಳಿಹಸಿರು ಅಂದರೆ ಬಿಳುಪಿಗೆ ಹತ್ತಿರದ ಹಸಿರು. Saturation ಆ ದಾರಿಯಲ್ಲಿ ಹೋಗುವುದೇ ಇಲ್ಲ. ಅದನ್ನು ಪೂರ್ತಿ ಇಳಿಸಿದರೆ ತಿಳಿ ಬಣ್ಣ ಬರುವುದಿಲ್ಲ, ಬೂದು ಬರುತ್ತದೆ. ಮಧ್ಯದಲ್ಲಿ ಸಿಗುವುದು ಮಾಸಲು ಬಣ್ಣ. ಇನ್ನೊಂದು ತುದಿಗೆ ‘ಅಚ್ಚಹಸಿರು’ ಎಂಬಲ್ಲಿನ ‘ಅಚ್ಚ’ ಸರಿಹೋಗುತ್ತದೆ. ಅಚ್ಚದಿಂದ ಮಾಸಲಿಗೆ ಒಂದು ಗೆರೆ, ಕಡುವಿನಿಂದ ತಿಳಿಗೆ ಇನ್ನೊಂದು ಗೆರೆ. ಕೈಪಿಡಿಯಲ್ಲಿ ಇವೆರಡು ಬೆರೆತರೆ ಸೀರೆ ಕೆಡುತ್ತದೆ.

ಹೇಗೆ ಕೆಡುತ್ತದೆ ಅಂತ ಒಂದು ಸೀರೆ ಹಿಡಿದೇ ಹೇಳುತ್ತೇನೆ. ರಾಣಿ ಬಣ್ಣದ ಕ್ರೇಪ್ ರೇಷ್ಮೆ, ಜರಿ ಅಂಚು. ಇದು ಬಾಟಲ್ ಗ್ರೀನ್ ಆಗಬೇಕು. ಒಡಲಿನ ಒಂದು ಚುಕ್ಕೆ ತೆಗೆದು ನೋಡಿದರೆ ಕೆಂಪು 200, ಹಸಿರು 20, ನೀಲಿ 110. ಬಣ್ಣದ ಚಕ್ರದಲ್ಲಿ ಇದು 330 ಡಿಗ್ರಿ. ನಮಗೆ ಬೇಕಾದ ಹಸಿರು 150ರ ಹತ್ತಿರ, ಅಂದರೆ ಸರಿಯಾಗಿ ಎದುರು ಬದಿ. Hue/Saturation ಲೇಯರ್ ಹಾಕಿ Master ಮೇಲೆಯೇ 180 ತಿರುಗಿಸಿದರೆ ಒಡಲು ಹಸಿರಾಗುತ್ತದೆ. ಆದರೆ 40 ಡಿಗ್ರಿಯಲ್ಲಿದ್ದ ಜರಿಯೂ ಜೊತೆಯಲ್ಲೇ ತಿರುಗಿ 220ಕ್ಕೆ ಹೋಗಿ ನೀಲಿಯಾಗುತ್ತದೆ. ಅದಕ್ಕೇ Master ಬಿಟ್ಟು, ಪಟ್ಟಿಯಲ್ಲಿ Magentas ಆರಿಸಿ, ಐಡ್ರಾಪರ್‌ನಿಂದ ಒಡಲಿನ ಮೇಲೆ ಒತ್ತಬೇಕು. ಆಗ ಕೆಳಗಿನ ಬಣ್ಣದ ಪಟ್ಟಿಯಲ್ಲಿರುವ ಗುರುತುಗಳು 330ರ ಸುತ್ತ ಬಂದು ಕೂರುತ್ತವೆ. ಎರಡೂ ಕಡೆ 45 ಡಿಗ್ರಿಯಷ್ಟು ಮಾತ್ರ ಹಿಡಿತ. ಜರಿ ಅದರಿಂದ ಆಚೆ ಉಳಿಯುತ್ತದೆ. ಮಾಡೆಲ್‌ನ ತುಟಿ, ಕುಂಕುಮ ಮಾತ್ರ ಒಳಗೆ ಸಿಕ್ಕಿಹಾಕಿಕೊಂಡು ಹಸಿರಾಗುತ್ತವೆ! ಅವನ್ನು ಮಾಸ್ಕ್‌ನಲ್ಲಿ ಕಪ್ಪು ಬಳಿದು ಬಿಡಿಸಿಕೊಳ್ಳಬೇಕು.

ಇಷ್ಟಾದ ಮೇಲೂ ಬರುವುದು ಬಾಟಲ್ ಗ್ರೀನ್ ಅಲ್ಲ. ಕೆಂಪು 20, ಹಸಿರು 200, ನೀಲಿ 110, ಅಂದರೆ ಕಣ್ಣಿಗೆ ಹೊಡೆಯುವ ಹಸಿರು. ನಮ್ಮ ಕಣ್ಣಿಗೆ ಕೆಂಪಿಗಿಂತ ಹಸಿರು ಸುಮಾರು ಎರಡರಷ್ಟು ಬೆಳಗಾಗಿ ಕಾಣುತ್ತದೆ. ಹಾಗಾಗಿ ಬಣ್ಣವನ್ನಷ್ಟೇ ತಿರುಗಿಸಿದರೂ ಸೀರೆ ಬೆಳಕಾದಂತೆ ಅನ್ನಿಸುತ್ತದೆ. ಈಗ ಎರಡು ಕೆಲಸ ಬಾಕಿ. ಒಂದು, Saturation ಒಂದು 30ರಷ್ಟು ಇಳಿಸಿ ಅಚ್ಚದಿಂದ ಸ್ವಲ್ಪ ಮಾಸಲಿಗೆ ತರುವುದು. ಇನ್ನೊಂದು, ಕಡು ಮಾಡುವುದು. ಇಲ್ಲೇ ಎಲ್ಲರೂ Lightness ಹಿಡಿದು ಎಡಕ್ಕೆ ಎಳೆಯುವುದು. ಎಳೆದರೆ ನೆರಿಗೆಯ ಏಣಿನ ಮೇಲೆ ಬಿಳಿಯಾಗಿ ಹೊಳೆಯುವ ಗೆರೆಯೂ ಮಂಕಾಗುತ್ತದೆ. ಆ ಗೆರೆ ಹೋದರೆ ರೇಷ್ಮೆ ಹೋಯಿತು, ಕಾಟನ್ ಸೀರೆ ಥರ ಕಾಣುತ್ತದೆ. ಬಲಕ್ಕೆ ಎಳೆದರೆ ಸಂದಿನ ಕಪ್ಪು ಬೂದಿಯಾಗುತ್ತದೆ. ನಿಮ್ಮ ಹುಡುಗಿಗೆ ಆಗಿದ್ದು ಅದೇ. ಅದರ ಬದಲು ಮೇಲೆ ಒಂದು Curves ಲೇಯರ್ ಹಾಕಿ. ಗೆರೆಯ ಮಧ್ಯವನ್ನು ಹಿಡಿದು ಕೆಳಗೆ ಎಳೆಯಿರಿ. ಮೇಲಿನ ತುದಿಯನ್ನು ಮುಟ್ಟಬೇಡಿ. ಒಡಲು ಕಡುವಾಗುತ್ತದೆ, ಹೊಳಪು ಇದ್ದಲ್ಲೇ ಇರುತ್ತದೆ.

Curves ಬಣ್ಣ ನೋಡಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಜರಿಯನ್ನೂ ಕಪ್ಪು ಮಾಡುತ್ತದೆ. ಎರಡೂ ಲೇಯರನ್ನು ಒಂದು ಗ್ರೂಪಿಗೆ ಹಾಕಿ, ಆ ಗ್ರೂಪಿಗೇ ಮಾಸ್ಕ್ ಕೊಡಿ. ಮಾಸ್ಕ್‌ನಲ್ಲಿ ಒಡಲು ಬಿಳುಪು, ಜರಿ ಕಪ್ಪು. ಜರಿಯನ್ನು ಹಿಡಿಯಲು Color Range ಸಾಕು. ಆದರೆ ಬಂಗಾರದ ಬಣ್ಣದ ಮೇಲೆ ಒಮ್ಮೆ ಒತ್ತಿ ಬಿಡಬೇಡಿ. ಬೆಳಕು ಬಿದ್ದ ಜರಿ ಹೆಚ್ಚು ಕಡಿಮೆ ಬಿಳಿ, ನೆರಳಲ್ಲಿರುವ ಜರಿ ಕಂದು. Shift ಒತ್ತಿ ಹಿಡಿದು ಅವೆರಡನ್ನೂ ಸೇರಿಸಿ.

ಲಲಿತಮ್ಮ, ಗದಗ

ಬಣ್ಣ ಹಾಕ್ಸೋದರ ಸುದ್ದಿ ನಡೆದಿದೆ ಅಂತ ಓದಿದೆ. ನನ್ನ ಮದುವೆ ಸೀರೆಯನ್ನು ಹೀಗೇ ಬಣ್ಣ ಬದಲಿಸಲು ಒಬ್ಬರಿಗೆ ಕೊಟ್ಟಿದ್ದೆ. ಕೆಂಪು ಸೀರೆಗೆ ಹಸಿರು ಕೂರುವುದಿಲ್ಲ, ಕಾಫಿ ಬಣ್ಣವೋ ಕಪ್ಪೋ ಮಾಡಿಕೊಡುತ್ತೇನೆ ಅಂದರು. ಬಿಸಿ ನೀರಿಗೆ ಹಾಕಿ ತೆಗೆದ ಮೇಲೆ ಜರಿ ಕಪ್ಪಗಾಗಿತ್ತು. ನೀವು ಹೇಳುವ ಮಾಸ್ಕ್ ಹಾಕಿದರೆ ಜರಿ ಉಳಿಯುತ್ತದೆಯೇ? ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಇನ್ನೊಂದು ಮಾತು. ಆ ಸೀರೆಗೆ ಹಾಸು ಕೆಂಪು, ಹೊಕ್ಕು ಹಸಿರು ಇತ್ತು. ನೆರಿಗೆ ಹೊರಳಿದ ಕಡೆಯೆಲ್ಲ ಬೇರೆ ಬಣ್ಣ ಕಾಣುತ್ತಿತ್ತು. ಅದೂ ಹೋಯಿತು.

ನಾಗರಾಜ

ಲಲಿತಮ್ಮನವರೇ, ನಾವು ಮಾತಾಡುತ್ತಿರುವುದು ಫೋಟೊದಲ್ಲಿನ ಬಣ್ಣ. ಮಾಸ್ಕ್ ಕೂಡ ಕಂಪ್ಯೂಟರಿನೊಳಗೇ ಇರುವುದು. ನಿಜವಾದ ಸೀರೆಗೆ ನನ್ನ ಹತ್ತಿರ ಉಪಾಯ ಇಲ್ಲ. ಆದರೆ ನಿಮ್ಮ ಎರಡನೆಯ ಮಾತು ನಮಗೆ ಬೇಕಾದದ್ದೇ. ಹಾಸು ಒಂದು, ಹೊಕ್ಕು ಒಂದು ಬಣ್ಣ ಇರುವ ಸೀರೆಯಲ್ಲಿ ನೆರಿಗೆ ಕಾಣುವುದು ಬರೀ ಬೆಳಕು-ನೆರಳಿನಿಂದಲ್ಲ, ಬಣ್ಣದಿಂದಲೂ ಹೌದು. ಅಂಥದಕ್ಕೆ Colorize ಒತ್ತಿದರೆ ಎರಡೂ ಬಣ್ಣ ಒಂದೇ ಆಗಿ ಅರ್ಧ ನೆರಿಗೆ ಮಾಯ. Hue ತಿರುಗಿಸಿದರೆ ಎರಡರ ನಡುವಿನ ಅಂತರ ಉಳಿಯುತ್ತದೆ. ಆದರೆ ಎರಡೂ ಒಟ್ಟಿಗೇ ತಿರುಗುತ್ತವೆ. ಕೆಂಪು ನೀಲಿಯಾದರೆ ಹಸಿರು ಕೆಂಪಾಗುತ್ತದೆ. ಹಾಸು ಮಾತ್ರ ಬದಲಾಗಿ ಹೊಕ್ಕು ಹಾಗೇ ಇರಬೇಕು ಅಂದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ, ಆ ಸೀರೆಯನ್ನೇ ಉಡಿಸಿ ಫೋಟೊ ತೆಗೆಯಿರಿ ಅನ್ನುತ್ತೇನೆ.

ಕಿರಣ್, ಮೆಲ್ಬರ್ನ್

ನಾನು ಬಳಸುವುದು ಗಿಂಪ್. ನನ್ನ ಕೇಸ್ ಬೇರೆ. ಅಮ್ಮನ ಕೆನೆ ಬಣ್ಣದ ಸೀರೆಯನ್ನು ನೀಲಿ ಮಾಡಲು ಹೊರಟೆ. ಹ್ಯೂ ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಕೆನೆಯಲ್ಲಿ ತಿರುಗಿಸಲು ಬಣ್ಣವೇ ಇಲ್ಲ, ಅಲ್ವಾ? Colorize ಒತ್ತಿದ ಮೇಲೆ ನೀಲಿ ಬಂತು, ಆದರೆ ತಿಳಿನೀಲಿ. ಕಡು ಬೇಕಾದರೆ ಅಲ್ಲೂ ಕರ್ವ್ಸ್ ಎಳೆಯಬೇಕಾಯಿತು.

ಪದದ ವಿಷಯಕ್ಕೆ ಬರುತ್ತೇನೆ. ನಾಮಪದ ಹುಡುಕುವ ಬದಲು ಕ್ರಿಯಾಪದ ಹಿಡಿದರೆ ಕೈಪಿಡಿ ಸುಲಭ. Hue ಅಂದರೆ ಬಣ್ಣ ತಿರುಗಿಸು. Colorize ಅಂದರೆ ಬಣ್ಣ ಬಳಿ. ಬಣ್ಣ ಇದ್ದರೆ ತಿರುಗಿಸು, ಇಲ್ಲದಿದ್ದರೆ ಬಳಿ.

ವೆಂಕಟೇಶಮೂರ್ತಿ

ಕಿರಣ್ ಹೇಳಿದ್ದು ಚೆನ್ನಾಗಿದೆ. ಆದರೆ ‘ಬಣ್ಣ’ ಅಂದರೆ ಬರೀ ಹ್ಯೂ ಆಗಿಬಿಟ್ಟರೆ, ಒಟ್ಟು ಬಣ್ಣಕ್ಕೆ ಏನು ಹೇಳುತ್ತೀರಿ? ನಾನು ವರ್ಣ ಬಿಡಲಾರೆ. ‘ಅಚ್ಚ’ದ ವಿಷಯದಲ್ಲಿ ನಾಗರಾಜರು ಹೇಳಿದ್ದು ಸರಿ. ಆದರೆ ಅದರಿಂದ ನಾಮಪದ ಮಾಡಿದರೆ ‘ಅಚ್ಚತನ’ ಆಗುತ್ತದೆ, ಕಿವಿಗೆ ಹಿತವಿಲ್ಲ.

ಮಾಲತಿ

ಎಲ್ಲರಿಗೂ ಥ್ಯಾಂಕ್ಸ್. ನಾಗರಾಜ್ ಸರ್, ನೀವು ಹೇಳಿದ ಹಾಗೆ ರಾಣಿ ಬಣ್ಣದ ಒಂದು ಫೋಟೊ ಮಾಡಿ ನೋಡಿದೆ. ಅಂಚು ಚೆನ್ನಾಗಿ ಬಂತು. ಎರಡು ಕಡೆ ಮಾತ್ರ ಸರಿಯಿಲ್ಲ. ಎಡ ಭುಜದ ಮೇಲೆ ಲೈಟ್ ನೇರ ಬಿದ್ದಲ್ಲಿ ಸೆರಗಿನ ಮಡಿಕೆ ಒರೆಸಿ ಹಾಕಿದಂತಿದೆ. ಮೂಲ ಫೋಟೊದಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮತ್ತೆ ಜರಿಯ ಸಂದಿನಲ್ಲಿ, ತೋಳಿನ ಒಳಬದಿಯಲ್ಲಿ ಇನ್ನೂ ರಾಣಿ ಬಣ್ಣ ಮಿಣುಕುತ್ತಿದೆ.

ನಾಗರಾಜ

ಭುಜದ್ದು ಕ್ಯಾಮೆರಾದ ತಪ್ಪು. Channels ತೆರೆದು Red ಒಂದನ್ನೇ ನೋಡಿ. ಅಲ್ಲಿ ಸಪಾಟು ಬಿಳಿ ತೇಪೆ ಕಂಡರೆ ಕೆಂಪು 255 ಮುಟ್ಟಿ ನಿಂತಿದೆ, ಮಡಿಕೆ ಅದರಲ್ಲಿ ದಾಖಲಾಗಿಯೇ ಇಲ್ಲ. 180 ತಿರುಗಿಸಿದಾಗ ಒಡಲಿನ ಕೆಂಪಿನ ಅಂಕಿಯೇ ಹಸಿರಿನ ಜಾಗಕ್ಕೆ ಬರುತ್ತದೆ. ಹಸಿರನ್ನು ಕಣ್ಣು ಜಾಸ್ತಿ ಗಮನಿಸುವುದರಿಂದ, ಅಲ್ಲಿ ಅಡಗಿದ್ದ ಸಪಾಟು ಈಗ ಎದ್ದು ಕಾಣುತ್ತದೆ. ಮೂಲ ಫೋಟೊದ Green ಚಾನೆಲ್‌ನಲ್ಲಿ ಮಡಿಕೆ ಉಳಿದಿರುತ್ತದೆ. ಅದನ್ನು ಒಂದು ಲೇಯರ್ ಮಾಡಿ, Luminosity ಮೋಡಿನಲ್ಲಿ ಭುಜದ ಮೇಲಷ್ಟೇ ತೆಳುವಾಗಿ ಹಾಕಿ ನೋಡಿ. ಸ್ವಲ್ಪ ಕಾಳುಕಾಳಾಗಿ ಬರುತ್ತದೆ, ಆದರೂ ಸಪಾಟಿಗಿಂತ ವಾಸಿ. ಮುಂದಿನ ಸಲ ಒಂದು ಸ್ಟಾಪ್ ಕಡಿಮೆ ಬೆಳಕಲ್ಲಿ ತೆಗೆಯಿರಿ, ರಾ ಫೈಲ್ ಇಟ್ಟುಕೊಳ್ಳಿ. ಸಾಧ್ಯವಾದರೆ ಕೆಂಪು ಸೀರೆ ಬಿಟ್ಟು ಬೇರೆ ಬಣ್ಣದ್ದನ್ನು ಉಡಿಸಿ.

ಜರಿಯ ಸಂದಿನ ರಾಣಿ ಬಣ್ಣ ಒಡಲಿನಿಂದ ಜರಿಯ ಮೇಲೆ ಬಿದ್ದದ್ದು. ನಿಮ್ಮ ಮಾಸ್ಕ್ ಅದನ್ನೂ ಜರಿ ಅಂದುಕೊಂಡು ಕಾಪಾಡಿಬಿಟ್ಟಿದೆ. ಗ್ರೂಪಿನ ಮೇಲೆ ಇನ್ನೆರಡು Hue/Saturation ಹಾಕಿ, ಎರಡರಲ್ಲೂ ಅದೇ 330ರ ಸುತ್ತಲಿನ ಬಣ್ಣ ಹಿಡಿದು, ಒಂದನ್ನು ಜರಿಯ ಮೇಲೆ, ಇನ್ನೊಂದನ್ನು ತೋಳಿನ ಮೇಲೆ ಮಾತ್ರ ಬಿಡಿ. ಜರಿಯಲ್ಲಿ ಹಸಿರಿಗೆ ತಿರುಗಿಸಿ, ಯಾಕೆಂದರೆ ಹಸಿರು ಸೀರೆಯ ಜರಿಯಲ್ಲಿ ಹಸಿರು ಇಣುಕಲೇಬೇಕು. ತೋಳಿನಲ್ಲಿ ತಿರುಗಿಸಬೇಡಿ, Saturation ಇಳಿಸಿದರೆ ಸಾಕು. ಮೈಮೇಲೆ ಹಸಿರು ಬಂದರೆ ಕಾಯಿಲೆಯವರ ಥರ ಕಾಣುತ್ತಾರೆ.

ಮಾಲತಿ

ಸರಿ ಸರ್. ಕೈಪಿಡಿಯಲ್ಲಿ ಸದ್ಯಕ್ಕೆ ‘ಬಣ್ಣ ತಿರುಗಿಸಿ’, ‘ಬಣ್ಣ ಬಳಿಯಿರಿ’, ‘ಅಚ್ಚ–ಮಾಸಲು’, ‘ಕಡು–ತಿಳಿ’ ಇಷ್ಟು ಇಡುತ್ತೇನೆ. ಪರದೆಯ ಮೇಲಿನ ಹೆಸರುಗಳು ಪಕ್ಕದಲ್ಲಿ ಹಾಗೇ ಇರಲಿ. ಮೇಷ್ಟ್ರು ಕೇಳಿದ ‘ಒಟ್ಟು ಬಣ್ಣಕ್ಕೆ ಏನು’ ಎಂಬುದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಹೀಗೆ ಪಕ್ಕದ ಬಣ್ಣ ಬಂದು ಬೀಳುವುದಕ್ಕೆ ಏನನ್ನೋಣ? ಪ್ರತಿಫಲನ ಅಂದರೆ ಕನ್ನಡಿ ನೆನಪಾಗುತ್ತದೆ.

ಲಲಿತಮ್ಮ

ಮಳೆ ಜೋರಾದಾಗ ಕಿಟಕಿಯಿಂದ ಒಳಗೆ ಹಾರುವ ಹನಿಗೆ ಎರಚಲು ಅನ್ನುವುದಿಲ್ಲವೇ? ಬಣ್ಣದ ಎರಚಲು ಅನ್ನಿ.

ವೆಂಕಟೇಶಮೂರ್ತಿ

ಎರಚಲು ಎಂದರೆ ಚಿಮ್ಮಿ ಬಿದ್ದದ್ದು. ಇದು ಚಿಮ್ಮಿದ್ದಲ್ಲ, ಬೆಳಕಿನ ಜೊತೆ ಬಂದದ್ದು. ‘ಬಣ್ಣದ ಸೋಂಕು’ ಹೇಗಿರುತ್ತದೆ?