ದೇಣಿಗೆಯ ಮನವಿಯಲ್ಲಿ ‘ವಿಷದ ನೀರು’ ಎಂಬ ಮಾತನ್ನು ತೆಗೆದರೆ ಉಳಿಯುವುದೇನು?

ಪ್ರಶ್ನೆ (ಮುಖ್ಯ ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಬಾಗೇಪಲ್ಲಿ ಕಡೆ)

ನಮಸ್ಕಾರ. ಶಾಲೆಯಲ್ಲಿ ಮಳೆನೀರಿನ ತೊಟ್ಟಿ ಕಟ್ಟಿಸಲು ನಲವತ್ತು ಹಳೆಯ ವಿದ್ಯಾರ್ಥಿಗಳಿಗೆ ಮನವಿ ಕಳುಹಿಸಿದೆವು, ಉತ್ತರ ಬಂದದ್ದು ಮೂವರಿಂದ. ಮನವಿ ಹೀಗಿದೆ: “ನಮ್ಮ ಬಡ ಹಳ್ಳಿಯ ಮುಗ್ಧ ಮಕ್ಕಳು ವಿಷದ ನೀರು ಕುಡಿದು ನರಳುತ್ತಿದ್ದಾರೆ. ಅವರ ಹಲ್ಲುಗಳನ್ನು ನೋಡಿದರೆ ಕರುಳು ಕಿತ್ತು ಬರುತ್ತದೆ. 50,000 ಲೀಟರಿನ ತೊಟ್ಟಿ ಮತ್ತು ಇತರ ಅಭಿವೃದ್ಧಿ ಕಾರ್ಯಗಳಿಗೆ 5 ಲಕ್ಷ ರೂಪಾಯಿ ಬೇಕಾಗಿದ್ದು, ಉದಾರ ಮನಸ್ಸಿನಿಂದ ಸಹಾಯಹಸ್ತ ಚಾಚಬೇಕಾಗಿ ವಿನಂತಿ.” ಜೊತೆಗೆ ಆರನೇ ತರಗತಿಯ ಹುಡುಗಿಯೊಬ್ಬಳು ಹಲ್ಲು ತೋರಿಸುತ್ತಿರುವ ಫೋಟೋ ಇದೆ. ಶಾಲೆಯಲ್ಲಿ 86 ಮಕ್ಕಳು, 4 ಜನ ಶಿಕ್ಷಕರು ಇದ್ದೇವೆ. ಇದನ್ನು ಹೇಗೆ ತಿದ್ದಬೇಕು?

ಉತ್ತರ (ಸಂಘ ಸಂಸ್ಥೆಗಳಿಗೆ ಮನವಿಪತ್ರ ಬರೆದುಕೊಡುವವರು, ಚಿಕ್ಕಬಳ್ಳಾಪುರ)

ಮೇಡಂ, ಮೊದಲು ಆ ಫೋಟೋವನ್ನು ತೆಗೆಯಿರಿ. ಆ ಹುಡುಗಿ ನಾಳೆ ಹೈಸ್ಕೂಲಿಗೆ ಹೋಗುತ್ತಾಳೆ, ಆಗಲೂ ಅವಳ ಹಲ್ಲಿನ ಚಿತ್ರ ನಲವತ್ತು ಜನರ ಫೋನಿನಲ್ಲಿ ಉಳಿದಿರುತ್ತದೆ. ತಾಯಿ ತಂದೆಯರು ಒಪ್ಪಿ ಸಹಿ ಹಾಕಿದ್ದರೂ ನಾನು ಅದನ್ನು ಬಳಸುತ್ತಿರಲಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳವೆಯ ವರ್ಷಗಳಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿದ್ದರೆ ಹಲ್ಲಿನ ಮೇಲೆ ಅಂಥ ಕಲೆಗಳು ಬರುತ್ತವೆ, ಬಂದ ಕಲೆ ನೀರು ಬದಲಾಯಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಹೀಗಾಗಿ ತೊಟ್ಟಿಯಿಂದ ಸರಿಹೋಗದ ಒಂದು ಸಂಗತಿಯನ್ನು ಮುಂದಿಟ್ಟು ತೊಟ್ಟಿಗೆ ಹಣ ಕೇಳಿದಂತಾಗಿದೆ. ಓದುವವರಲ್ಲಿ ಒಬ್ಬ ದಂತವೈದ್ಯರಿದ್ದರೂ ಮನವಿಯ ಮೇಲಿನ ನಂಬಿಕೆ ಅಲ್ಲಿಗೇ ಸಡಿಲವಾಗುತ್ತದೆ.

ಎರಡನೆಯದು ‘ವಿಷ’ ಎಂಬ ಪದ. ನಿಮ್ಮ ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಇದೆಯೇ? ಇದ್ದರೆ ಅದರಲ್ಲಿರುವ ಅಂಕಿ ಮತ್ತು ಪರೀಕ್ಷೆಯ ದಿನಾಂಕವನ್ನು ಬರೆಯಿರಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಈ ಮಿತಿ ಮತ್ತು ನಿಮ್ಮ ನೀರಿನ ಅಂಕಿ ಪಕ್ಕಪಕ್ಕದಲ್ಲಿದ್ದರೆ ಸಾಕು, ವಿಶೇಷಣ ಬೇಡ.

ಮೂರನೆಯದಾಗಿ, ಮಕ್ಕಳು ಈಗ ಯಾವ ನೀರು ಕುಡಿಯುತ್ತಿದ್ದಾರೆ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ನಮ್ಮ ಜಿಲ್ಲೆಯನ್ನು ಬಲ್ಲವರು ಮೊದಲು ಕೇಳುವುದೇ “ಊರಲ್ಲಿ ಶುದ್ಧ ನೀರಿನ ಘಟಕ ಇಲ್ಲವೇ?” ಎಂದು. ದಯವಿಟ್ಟು ಇದಕ್ಕೆ ಮೊದಲು ಉತ್ತರಿಸಿ, ಉಳಿದದ್ದನ್ನು ಆಮೇಲೆ ನೋಡೋಣ.

ಪ್ರತಿಕ್ರಿಯೆ (ನಿವೃತ್ತ ಬ್ಯಾಂಕ್ ಅಧಿಕಾರಿ, ಕೋಲಾರ)

ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಇಲ್ಲದೆ ಯಾರೂ ದೇಣಿಗೆ ಕೊಡುವುದಿಲ್ಲ, ಕೇಳುವುದೂ ತಪ್ಪಾಗುತ್ತದೆ. ಮೊದಲು ಒಂದು ಟ್ರಸ್ಟ್ ಮಾಡಿಕೊಳ್ಳಿ.

ಪ್ರತಿಕ್ರಿಯೆ (ಸಹಶಿಕ್ಷಕರು, ಪಾವಗಡ ತಾಲ್ಲೂಕು)

ನಮ್ಮ ಶಾಲೆಗೆ ದಾನಿಗಳು ಆರ್‌ಒ ಯಂತ್ರ ಕೊಡಿಸಿದ್ದರು. ನಮ್ಮ ಮನವಿಯೂ ಹೀಗೆಯೇ ಕಣ್ಣೀರು ತರಿಸುವಂತಿತ್ತು, ಹಣವೂ ಬಂತು. ಎರಡನೆಯ ವರ್ಷ ಒಳಗೆ ನೀರು ಸೋಸುವ ಮೆಂಬರೇನ್ ಕಟ್ಟಿಕೊಂಡಿತು. ಅದನ್ನು ಬದಲಾಯಿಸಲು ಹಣ ಯಾರ ಬಳಿಯೂ ಇರಲಿಲ್ಲ, ಕೊಟ್ಟವರನ್ನೇ ಮತ್ತೆ ಕೇಳಲು ನಾಚಿಕೆಯಾಯಿತು. ಯಂತ್ರ ಈಗ ಸ್ಟೋರ್ ರೂಮಿನಲ್ಲಿದೆ, ಅದರ ಮೇಲೆ ದಾನಿಗಳ ಹೆಸರು ಹಾಗೆಯೇ ಇದೆ. ನೀವೂ ತೊಟ್ಟಿಯ ಬದಲು ಆರ್‌ಒ ಕೇಳುವುದಾದರೆ ಇದನ್ನು ನೆನಪಿಡಿ.

ಮುಖ್ಯ ಶಿಕ್ಷಕಿ

ಸರ್, ನಾವು ಕೇಳುತ್ತಿರುವುದು ತೊಟ್ಟಿಯನ್ನೇ, ಆರ್‌ಒ ಅಲ್ಲ. ಆದರೆ ನಿಮ್ಮ ಮಾತು ನಮಗೂ ಅನ್ವಯಿಸುತ್ತದೆ, ಏಕೆಂದರೆ ನಿರ್ವಹಣೆಯ ಬಗ್ಗೆ ನಾವು ಒಂದು ಸಾಲನ್ನೂ ಬರೆದಿಲ್ಲ.

ಪರೀಕ್ಷಾ ವರದಿಯಲ್ಲಿ 2.6 ಮಿಲಿಗ್ರಾಂ ಎಂದಿದೆ. ಘಟಕ ಎರಡು ಕಿಲೋಮೀಟರ್ ದೂರದ ಪಂಚಾಯಿತಿ ಊರಿನಲ್ಲಿದೆ, ಅಲ್ಲಿಂದ ಆಟೋದಲ್ಲಿ ದಿನಕ್ಕೆ ಒಂಬತ್ತು ಕ್ಯಾನ್ ತರಿಸುತ್ತೇವೆ. ಆಟೋ ಬಾಡಿಗೆಯೂ ಸೇರಿ ಕ್ಯಾನಿಗೆ 10 ರೂಪಾಯಿ ಬೀಳುತ್ತದೆ. ಕರೆಂಟ್ ಇಲ್ಲದಿದ್ದರೆ ಅಥವಾ ಘಟಕ ಕೆಟ್ಟರೆ ಕ್ಯಾನ್ ಬರುವುದಿಲ್ಲ, ಅಂದು ಬೋರ್‌ವೆಲ್ ನೀರೇ ಗತಿ. ಅಂಥ ದಿನಗಳನ್ನು ನಾವು ಯಾರೂ ಎಣಿಸಿರಲಿಲ್ಲ. ನಿಮ್ಮ ಪ್ರಶ್ನೆ ನೋಡಿ ವಿಚಾರಿಸಿದಾಗ, ಬಿಸಿಯೂಟದ ಮುಖ್ಯ ಅಡುಗೆಯವರು ಲೆಕ್ಕದ ಪುಸ್ತಕದ ಕೊನೆಯ ಪುಟವನ್ನು ತೆರೆದು ತೋರಿಸಿದರು. ಕ್ಯಾನ್ ಬಾರದ ದಿನಕ್ಕೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಅಡ್ಡಗೆರೆ ಎಳೆದಿದ್ದಾರೆ. ಕಳೆದ ಸಾಲಿನಲ್ಲಿ ಅಂಥ ಗೆರೆಗಳು 41.

ಉತ್ತರ (ಚಿಕ್ಕಬಳ್ಳಾಪುರ)

ಮೇಡಂ, ನಿಮ್ಮ ಮನವಿಯ ಮೊದಲ ಸಾಲು ಆ ಪೆನ್ಸಿಲ್ ಗೆರೆಗಳಲ್ಲಿದೆ. “ಕಳೆದ ಶೈಕ್ಷಣಿಕ ವರ್ಷದಲ್ಲಿ 41 ದಿನ ನಮ್ಮ ಶಾಲೆಗೆ ಶುದ್ಧ ನೀರಿನ ಕ್ಯಾನ್ ಬರಲಿಲ್ಲ, ಆ ದಿನಗಳಲ್ಲಿ 86 ಮಕ್ಕಳು ಲೀಟರಿಗೆ 2.6 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನೇ ಕುಡಿದರು, ಬಿಸಿಯೂಟವೂ ಅದರಲ್ಲೇ ಬೆಂದಿತು.” ಇದನ್ನು ಓದಿದವರಿಗೆ ಮಕ್ಕಳ ಮೇಲೆ ಅನುಕಂಪಕ್ಕಿಂತ ಮೊದಲು ಪರಿಸ್ಥಿತಿ ಅರ್ಥವಾಗುತ್ತದೆ. ಶಾಲೆ ಕೈಕಟ್ಟಿ ಕುಳಿತಿಲ್ಲ, ದಿನಾ ಕ್ಯಾನ್ ತರಿಸುತ್ತಿದೆ, ಕೊರತೆ ಇರುವುದು ಇಷ್ಟು ದಿನಗಳದ್ದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈಗ ತೊಟ್ಟಿಯ ಅಳತೆಗೆ ಬರೋಣ. 50,000 ಲೀಟರ್ ಎಂಬ ಅಂಕಿ ಎಲ್ಲಿಂದ ಬಂತೋ ನನಗೆ ತಿಳಿಯದು, ಆದರೆ ನಿಮ್ಮ ಒಂಬತ್ತು ಕ್ಯಾನಿನಲ್ಲಿಯೇ ಸರಿಯಾದ ಲೆಕ್ಕವಿದೆ. ಒಂಬತ್ತು ಕ್ಯಾನ್ ಎಂದರೆ ದಿನಕ್ಕೆ 180 ಲೀಟರ್, ಅಂದರೆ 90 ಜನರಿಗೆ ತಲಾ ಎರಡು ಲೀಟರ್. ಜೂನ್‌ನಿಂದ ನವೆಂಬರ್‌ವರೆಗೆ ಆಗಾಗ ಬೀಳುವ ಮಳೆ ತೊಟ್ಟಿಯನ್ನು ಮತ್ತೆ ಮತ್ತೆ ತುಂಬುತ್ತದೆ. ಬಿಗಿಯಾಗುವುದು ಡಿಸೆಂಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ. ಆ ಅವಧಿಯಲ್ಲಿ ಸುಮಾರು 90 ಶಾಲಾ ದಿನಗಳಿದ್ದರೆ 16,200 ಲೀಟರ್ ಸಾಕು, ಸ್ವಲ್ಪ ಹೆಚ್ಚುವರಿಯನ್ನೂ ಸೇರಿಸಿದರೆ 20,000 ಲೀಟರಿನ ತೊಟ್ಟಿ ಬೇಕಾಗುತ್ತದೆ. ಚಾವಣಿಯನ್ನೂ ಅಳೆಸಿ. 120 ಚದರ ಮೀಟರ್ ಇದ್ದು ವರ್ಷಕ್ಕೆ 650 ಮಿಲಿಮೀಟರ್ ಮಳೆಯಾದರೆ, ಐದರಲ್ಲೊಂದು ಪಾಲು ಸೋರಿಹೋದರೂ 62,000 ಲೀಟರ್ ಸಿಗುತ್ತದೆ. ವರ್ಷದ 220 ದಿನಗಳಿಗೆ ಬೇಕಾದದ್ದು 39,600 ಲೀಟರ್. ಈ ಲೆಕ್ಕದ ಒಂದೇ ಒಂದು ವಾಕ್ಯ ಮನವಿಯಲ್ಲಿರಲಿ, ಉಳಿದದ್ದು ಕೇಳಿದವರಿಗೆ ಕೊಡಲು ನಿಮ್ಮ ಬಳಿ ಸಿದ್ಧವಿರಲಿ.

‘ಇತರ ಅಭಿವೃದ್ಧಿ ಕಾರ್ಯಗಳು’ ಎಂಬ ಮಾತು ಹೋಗಲೇಬೇಕು, ಕೊಡುವವರ ಕೈ ಹಿಂದೆ ಸರಿಯುವುದು ಅಲ್ಲಿಯೇ.

ಕೋಲಾರದ ಸರ್ ಹೇಳಿದ್ದರಲ್ಲಿ ಅರ್ಧ ಸರಿ. 80ಜಿ ಇಲ್ಲದಿದ್ದರೆ ಕೊಡುವವರಿಗೆ ತೆರಿಗೆಯ ಅನುಕೂಲ ಸಿಗುವುದಿಲ್ಲ, ಅದನ್ನು ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ಸರ್ಕಾರಿ ಶಾಲೆಯು ತನ್ನ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಬ್ಯಾಂಕ್ ಖಾತೆಗೆ ದೇಣಿಗೆ ಪಡೆದು ರಸೀದಿ ಕೊಡಲು ಅದು ಅಡ್ಡಿಯಲ್ಲ. ಸಾವಿರ, ಎರಡು ಸಾವಿರ ಕೊಡುವ ಹಳೆಯ ವಿದ್ಯಾರ್ಥಿ ನೋಡುವುದು ಹಣ ಯಾರ ವೈಯಕ್ತಿಕ ಫೋನ್ ನಂಬರಿಗೂ ಹೋಗುತ್ತಿಲ್ಲ ತಾನೇ ಎಂಬುದನ್ನು. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ನಿರ್ಣಯ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಪ್ರತಿ ತಲುಪಿಸಿ.

ಮುಖ್ಯ ಶಿಕ್ಷಕಿ (ನಾಲ್ಕು ದಿನಗಳ ನಂತರ)

ಚಾವಣಿ ಆರ್‌ಸಿಸಿ, ಅಳತೆ 124 ಚದರ ಮೀಟರ್. ಗಾರೆ ಮೇಸ್ತ್ರಿಯವರಿಂದ ಅಂದಾಜು ಪಡೆದೆವು. ತೊಟ್ಟಿಗೆ 1,60,000, ಚಾವಣಿಯಿಂದ ಇಳಿಯುವ ಪೈಪುಗಳಿಗೆ 32,000, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ವ್ಯವಸ್ಥೆ ಮತ್ತು ಶೋಧಕಕ್ಕೆ 14,000, ಕೈಪಂಪು ಮತ್ತು ನಲ್ಲಿಕಟ್ಟೆಗೆ 12,000. ಪಾವಗಡದ ಮೇಷ್ಟ್ರ ಮಾತು ಕೇಳಿ ಮೂರು ವರ್ಷಗಳ ಶುಚಿ ಮತ್ತು ನೀರಿನ ಪರೀಕ್ಷೆಗೆ 9,000 ಸೇರಿಸಿದ್ದೇವೆ. ಒಟ್ಟು 2,27,000. ಹಳೆಯ ಮನವಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿದಾಗ ಒಬ್ಬ ತಂದೆ ಎದ್ದು ನಿಂತು, “ಮೇಡಂ, ನಾವು ಬಡವರು ಅಂತ ಊರೆಲ್ಲ ಹೇಳಬೇಕಾ? ಗುಂಡಿ ನಾವೇ ತೋಡ್ತೀವಿ, ಅದನ್ನ ಬರೀರಿ” ಎಂದರು. ಮೇಸ್ತ್ರಿ ಆ ಕೂಲಿಗೆ 18,000 ಇಳಿಸಿದ್ದಾರೆ, ಸಮಿತಿಯ ಖಾತೆಯಲ್ಲಿ 25,000 ಇದೆ. ಕೇಳಬೇಕಾದ ಮೊತ್ತ 1,84,000.

ಪ್ರತಿಕ್ರಿಯೆ (ಖಾಸಗಿ ಕಂಪನಿ ಉದ್ಯೋಗಿ, ಊರು ತುಮಕೂರು)

ದಾನಿಯ ಕಡೆಯಿಂದ ಒಂದು ಪ್ರಶ್ನೆ. ದಿನಕ್ಕೆ 90 ರೂಪಾಯಿಯಂತೆ ಕ್ಯಾನಿಗೆ ವರ್ಷಕ್ಕೆ 20,000ಕ್ಕಿಂತ ಕಡಿಮೆ ಖರ್ಚು. ಅಷ್ಟಕ್ಕೆ ಎರಡು ಲಕ್ಷದ ತೊಟ್ಟಿ ಏಕೆ?

ಉತ್ತರ (ಚಿಕ್ಕಬಳ್ಳಾಪುರ)

ಸರಿಯಾದ ಪ್ರಶ್ನೆ. ಹಣದ ಲೆಕ್ಕ ಮಾತ್ರ ನೋಡಿದರೆ ತೊಟ್ಟಿಯ ಖರ್ಚು ಹಿಂತಿರುಗಲು ಹನ್ನೊಂದು ವರ್ಷಗಳಿಗೂ ಹೆಚ್ಚು ಬೇಕು, ಆದ್ದರಿಂದ ‘ಉಳಿತಾಯ’ ಎಂಬ ವಾದವನ್ನು ಮನವಿಯಲ್ಲಿ ಹೂಡಬಾರದು. ತೊಟ್ಟಿಯ ಕೆಲಸ ಆ 41 ದಿನಗಳನ್ನು ಇಲ್ಲವಾಗಿಸುವುದು. ಮಳೆ ಕೈಕೊಟ್ಟ ವರ್ಷ ಕ್ಯಾನ್ ಮತ್ತೆ ಬೇಕಾಗುತ್ತದೆ, ಮಕ್ಕಳು ಮನೆಯಲ್ಲಿ ಕುಡಿಯುವ ನೀರು ಇದರಿಂದ ಬದಲಾಗುವುದಿಲ್ಲ. ಇವೆರಡನ್ನೂ ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಮೇಡಂ, ನಿಮ್ಮ ಅಂಕಿಗಳನ್ನು ಇಟ್ಟುಕೊಂಡು ಮೊದಲ ಸಾಲಿನ ನಂತರದ ಭಾಗವನ್ನು ಹೀಗೆ ಬರೆದಿದ್ದೇನೆ:

“ಶಾಲೆಯ ಚಾವಣಿಯ ಮೇಲೆ ಬೀಳುವ ಮಳೆಯನ್ನು 20,000 ಲೀಟರಿನ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ, ಡಿಸೆಂಬರ್‌ನಿಂದ ಶಾಲೆ ಮುಗಿಯುವವರೆಗೆ ಎಲ್ಲರಿಗೂ ದಿನಕ್ಕೆ ಎರಡು ಲೀಟರ್ ನೀರು ಸಿಗುತ್ತದೆ. ಮೂರು ವರ್ಷಗಳ ನಿರ್ವಹಣೆಯೂ ಸೇರಿ ಒಟ್ಟು ವೆಚ್ಚ 2,27,000 ರೂಪಾಯಿ. ತೊಟ್ಟಿಯ ಗುಂಡಿಯನ್ನು ಪೋಷಕರು ತೋಡುತ್ತಾರೆ, ಶಾಲಾಭಿವೃದ್ಧಿ ಸಮಿತಿ 25,000 ಕೊಡುತ್ತದೆ. ಉಳಿದ 1,84,000 ರೂಪಾಯಿಗಳಲ್ಲಿ ತಮ್ಮ ಪಾಲನ್ನು ಕೋರುತ್ತಿದ್ದೇವೆ. 32,000 ಸೇರಿದರೆ ಪೈಪಿನ ಕೆಲಸ, 14,000 ಸೇರಿದರೆ ಶೋಧಕದ ಕೆಲಸ ಪೂರ್ತಿಯಾಗುತ್ತದೆ. ಬಿಲ್ಲುಗಳ ಪ್ರತಿ ಮತ್ತು ಮೊದಲ ಮಳೆಗಾಲದ ನಂತರದ ನೀರಿನ ಪರೀಕ್ಷಾ ವರದಿಯನ್ನು ಕೊಟ್ಟವರೆಲ್ಲರಿಗೂ ಕಳುಹಿಸುತ್ತೇವೆ. ಮಳೆ ಕಡಿಮೆಯಾದ ವರ್ಷ ಕ್ಯಾನ್ ನೀರನ್ನು ಮುಂದುವರಿಸುತ್ತೇವೆ. ಮಕ್ಕಳು ಮನೆಯಲ್ಲಿ ಕುಡಿಯುವ ನೀರು ಈ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಈ ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ.”

ಫೋಟೋ ಬೇಕೇ ಬೇಕೆಂದರೆ ಅಡುಗೆಯವರ ಒಪ್ಪಿಗೆ ಪಡೆದು ಆ ಪೆನ್ಸಿಲ್ ಗೆರೆಗಳ ಪುಟವನ್ನು ಹಾಕಿ. ಕಳುಹಿಸುವ ಮುನ್ನ ಇದನ್ನು ಅದೇ ಸಮಿತಿಯ ಮುಂದೆ, ಆ ತಂದೆಯೂ ಇರುವಾಗ, ಗಟ್ಟಿಯಾಗಿ ಓದಿ. ಯಾವ ಸಾಲಿನಲ್ಲಿ ನಿಮ್ಮ ದನಿ ಅಳುಕುತ್ತದೋ ಆ ಸಾಲನ್ನು ತೆಗೆಯಿರಿ.

ಪ್ರತಿಕ್ರಿಯೆ (ಕೋಲಾರ)

ತೆರಿಗೆ ವಿನಾಯಿತಿ ಇಲ್ಲವೆಂಬ ಸಾಲು ದೊಡ್ಡ ಮೊತ್ತ ಕೊಡುವವರನ್ನು ದೂರ ಮಾಡುತ್ತದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದನ್ನು ಕೇಳಿದವರಿಗೆ ಮಾತ್ರ ಹೇಳಿದರೆ ಸಾಲದೇ?

ಮುಖ್ಯ ಶಿಕ್ಷಕಿ

ಆ ಸಾಲನ್ನು ಉಳಿಸುವುದೋ ಬಿಡುವುದೋ ಶನಿವಾರದ ಸಭೆ ತೀರ್ಮಾನಿಸಲಿ ಸರ್. ದಾನಿಗಳ ಹೆಸರನ್ನು ತೊಟ್ಟಿಯ ಮೇಲೆ ಬರೆಸುವ ವಿಷಯದಲ್ಲಿಯೂ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹುಡುಗಿಯ ಫೋಟೋವನ್ನು ಅಳಿಸುವಂತೆ ನಲವತ್ತು ಜನರಿಗೂ ಇಂದು ಸಂದೇಶ ಕಳುಹಿಸಿದ್ದೇನೆ.